ಕಾಲ್ ಸೆಂಟರ್ ರಿಪೋರ್ಟ್: ನಮ್ಮ ಎಕ್ಸೆಲ್ 83 ಅಂತೈತಿ, ಪೋರ್ಟಲ್ 78 ಅಂತೈತಿ, ಯಾವುದು ಖರೇರಿ?

ರೇಖಾ_ಬೆಳಗಾವಿ

ನಮಸ್ಕಾರ್ರಿ ಎಲ್ಲಾರಿಗೂ. ನಾ ಉದ್ಯಮಬಾಗದಾಗ ಒಂದು ಪಂಪ್‌ಸೆಟ್ ಕಂಪನಿ ಸರ್ವಿಸ್ ಕಾಲ್ ಸೆಂಟರ್‌ನಾಗ ಟೀಮ್ ಲೀಡರ್ ಅದೀನಿ, ರಿಪೋರ್ಟ್ ಮಾಡೋದೂ ನನ್ನ ಕೊಳ್ಳಿಗೇ ಬಿದ್ದೈತಿ. ಫೋನ್ ಮ್ಯಾಲೆ ಆರು ಮಂದಿ, ಮುಂಜಾನೆ 9ರಿಂದ ಸಂಜಿ 6ರ ತನಕ. ಅಥಣಿ, ರಾಯಬಾಗ, ಗೋಕಾಕ, ಮುಧೋಳ, ಜಮಖಂಡಿ ಕಡೆ ರೈತರ ಫೋನ್ ಜಾಸ್ತಿ, ಮೋಟಾರ್ ನೀರ ಎತ್ತವಲ್ದು, ಸ್ಟಾರ್ಟರ್ ಟ್ರಿಪ್ ಆಗಾಕತ್ತೈತಿ, ಮೆಕ್ಯಾನಿಕ್ ಯಾವಾಗ ಬರ್ತಾನ ಅಂತ ಕೇಳತಾರ.

ಮೊನ್ನಿ ಸೋಮವಾರದ ರಿಪೋರ್ಟ್ ಇದು. ಮೊದಲನೇದು ಬಂದ ಕಾಲ್, ಎರಡನೇದು ಎತ್ತಿದ್ದು, ಮೂರನೇದು ಕಾದು ಕಾದು ಅವರೇ ಕಟ್ ಮಾಡಿದ್ದು.

9–10: 70, 52, 18
10–11: 96, 54, 42
11–12: 80, 57, 23
12–1: 48, 45, 3
1–2: 44, 27, 17
2–3: 36, 35, 1
3–4: 34, 34, 0
4–5: 40, 39, 1
5–6: 32, 31, 1

ಇದನ್ನ ಹಾಕಿದ್ರ ನಮ್ಮ ಎಕ್ಸೆಲ್‌ನಾಗ ದಿನದ್ದು 83 ಪರ್ಸೆಂಟ್ ಎತ್ತೀವಿ ಅಂತ ಬರತೈತಿ. ಫೋನ್ ಲೈನ್ ಕೊಟ್ಟವರ ಪೋರ್ಟಲ್‌ನಾಗ ಅದ ದಿನಕ್ಕ 78 ಅಂತೈತಿ. ಮ್ಯಾನೇಜರ್ ಸಾಹೇಬ್ರು ಪೋರ್ಟಲ್‌ದು ತಪ್ಪೈತಿ ಅವರಿಗೆ ಮೇಲ್ ಹಾಕು ಅಂತಾರ. ಮೇಲ್ ಹಾಕೂಕಿಂತ ಮೊದ್ಲ ಇಲ್ಲಿ ಕೇಳೂಣು ಅಂತ ಬಂದೀನಿ.

ಎಕ್ಸೆಲ್_ಸಂಗಣ್ಣ

ಬಾಗಲಕೋಟಿಯಿಂದ ನಮಸ್ಕಾರ ಮೇಡಂ. ಪೋರ್ಟಲ್‌ನಾವ್ರು ಐವಿಆರ್‌ದಾಗ ಕಟ್ ಆದ ಕಾಲ್ ಸೇರಿಸಿರ್ತಾರ, ಅದಕ್ಕ ಕಡಿಮಿ ಬರತೈತಿ, ನಮ್ಮಲ್ಲಿ ಹಿಂಗ ಆಗಿತ್ತು. ಕನ್ನಡಕ್ಕ 1 ಒತ್ತಿ ಮರಾಠಿಗೆ 2 ಒತ್ತಿ ಅಂತ ಹೇಳೂದ್ರಾಗ ಮಂದಿ ಬ್ಯಾಸತ್ತು ಇಟ್ಟಬಿಡತಾರ. ಅವನ್ನ ತಗಿಸ್ರಿ, ಎರಡೂ ಸರಿ ಹೋಗತಾವ.

ಹಳೇ_ಡಯಲರ್

ಸಂಗಣ್ಣಾರ, ಐವಿಆರ್ ಮಾತು ಸುಳ್ಳಲ್ಲ, ಆದ್ರ ಇಲ್ಲಿ ಅದಲ್ಲ. ಮೇಡಂ ಕೊಟ್ಟ ನಂಬರ್‌ನಾಗೇ ಉತ್ತರ ಅದ. ಬಂದದ್ದು ಎಲ್ಲಾ ಕೂಡಸ್ರಿ, 480. ಎತ್ತಿದ್ದು ಕೂಡಸ್ರಿ, 374. ಭಾಗಿಸಿದ್ರ 78. ಪೋರ್ಟಲ್ ಸರಿ ಅದ.

ನಿಮ್ಮ 83 ಎಲ್ಲಿಂದ ಬಂತು ಅಂದ್ರ ಪರ್ಸೆಂಟ್ ಕಾಲಮ್‌ನ ಕೆಳಗ ಯಾರೋ ಹಿಂಗ ಬರದಾರ:

```
=AVERAGE(E2:E10)
```

ಅಂದ್ರ ಒಂಬತ್ತು ತಾಸಿನ ಒಂಬತ್ತು ಪರ್ಸೆಂಟ್ ಕೂಡ್ಸಿ ಒಂಬತ್ತರಿಂದ ಭಾಗಿಸ್ಯಾರ. ಮಧ್ಯಾಹ್ನ 3ಕ್ಕ 34 ಕಾಲ್ ಬಂದು ನೂರಕ್ಕ ನೂರು ಎತ್ತಿದ್ದಕ್ಕೂ, 10ಕ್ಕ 96 ಬಂದು 56 ಪರ್ಸೆಂಟ್ ಎತ್ತಿದ್ದಕ್ಕೂ ಒಂದೇ ತೂಕ ಬಿತ್ತು. ಖಾಲಿ ಕೂತ ತಾಸು ಗದ್ದಲದ ತಾಸನ್ನ ಮ್ಯಾಲಕ್ಕ ಎತ್ತಿತು. B ಅಂದ್ರ ಬಂದದ್ದು, C ಅಂದ್ರ ಎತ್ತಿದ್ದು, ಇದನ್ನ ಹಾಕ್ರಿ:

```
=SUM(C2:C10)/SUM(B2:B10)
```

ಕಾಯೋ ಟೈಮಿಗೂ ಹಿಂಗ ಸರಾಸರಿಯ ಸರಾಸರಿ ಮಾಡಿದ್ದಿದ್ರ ಅದೂ ತಪ್ಪ, ಎತ್ತಿದ ಕಾಲ್‌ನ ತೂಕ ಕೊಟ್ಟು ಮಾಡಬೇಕು, F ಅಂದ್ರ ಕಾಯೋ ಟೈಮ್:

```
=SUMPRODUCT(C2:C10,F2:F10)/SUM(C2:C10)
```

ಇದೇನು ದೊಡ್ಡ ಮಾತಲ್ರಿ, ಮೇಲ್ ಹಾಕೋದು ಉಳೀತು ಅಷ್ಟ. ನನಗ ಕಣ್ಣಿಗೆ ಬಿದ್ದದ್ದು ಬ್ಯಾರೆ ಅದ. 10–11ರ ಸಾಲು ನೋಡ್ರಿ. ನಿಮ್ಮಲ್ಲಿ ಒಂದ ಕಾಲ್‌ಗೆ ಎಷ್ಟು ಟೈಮ್ ಹಿಡೀತದ, ಮಾತಾಡೋದೂ ಕಂಪ್ಲೇಂಟ್ ಸಿಸ್ಟಮ್‌ದಾಗ ಹಾಕೋದೂ ಎಲ್ಲಾ ಸೇರಿ?

ರೇಖಾ_ಬೆಳಗಾವಿ

ಅಯ್ಯೋ ಸರ್ ನಾ ಆ ಫಾರ್ಮುಲಾ ಹಿಂದಿನವರ ಫೈಲ್‌ನಾಗ ಇದ್ದದ್ದನ್ನ ಹಂಗ ಎಳಕೊಂಡ ಹೊಂಟಿದ್ದೆ. ಸುಮಾರು 5 ನಿಮಿಷ ಹಿಡೀತೈತ್ರಿ. ಊರು, ಹೆಸರು, ಮೋಟಾರ್ ನಂಬರ್ ಕೇಳಿ ಬರಕೊಳ್ಳಾಕ ಹೊತ್ತಾಗತೈತಿ, ನೇಮ್‌ಪ್ಲೇಟ್ ಓದಾಕ ಅವರು ಬಾವಿ ಕಡೆ ಹೋಗಿ ಬರಬೇಕಲ್ರಿ.

ಹಳೇ_ಡಯಲರ್

ಹಂಗಾರ ಲೆಕ್ಕ ಕೂಡವಲ್ದು ನೋಡ್ರಿ. ಆರು ಮಂದಿ ಒಂದ ತಾಸಂದ್ರ 360 ನಿಮಿಷ. 54 ಕಾಲ್‌ಗೆ ಐದೈದು ನಿಮಿಷ ಅಂದ್ರ 270. ಉಳಿದ 90 ನಿಮಿಷ ಎಲ್ಲಿ ಹೋತು? ಕ್ಯೂದಾಗ ಮಂದಿ ನಿಂತು ಬ್ಯಾಸತ್ತು 42 ಜನ ಕಟ್ ಮಾಡ್ಯಾರ, ಅಂಥಾ ತಾಸಿನ್ಯಾಗ ಹುಡುಗರು ಖಾಲಿ ಕೂಡಾಕ ಸಾಧ್ಯನ ಇಲ್ಲ, ಒಂದು ಇಟ್ಟ ಕೂಡ್ಲೇ ಇನ್ನೊಂದು ಬಂದು ಬೀಳತದ. 11–12ಕ್ಕ 57 ಎತ್ಯಾರ, 9ಕ್ಕ 52, ಅಲ್ಲೂ ಸ್ವಲ್ಪ ಸೋರಿಕಿ ಅದ, ಆದ್ರ ಗದ್ದಲ ಹೆಚ್ಚಾದಷ್ಟು ಎತ್ತೋದು ಹೆಚ್ಚಾಗಬೇಕಿತ್ತು, ಇಲ್ಲಿ ಆಗಿಲ್ಲ.

ಒಂದೋ ಆ ಹೊತ್ತಿನ್ಯಾಗ ಕಾಲ್ ಉದ್ದ ಆಗ್ಯಾವ, ಇಲ್ಲಾ ಸೀಟ್‌ನಾಗ ಆರು ಮಂದಿ ಇರ್ಲಿಲ್ಲ. ತಾಸಿನ ರಿಪೋರ್ಟ್‌ದಾಗ ಇದು ಕಾಣಂಗಿಲ್ರಿ. ಅದ ತಾಸನ್ನ 15 ನಿಮಿಷದ ತುಂಡು ಮಾಡಿ ತಗೀರಿ, ಪೋರ್ಟಲ್‌ದಾಗ ಇಂಟರ್ವಲ್ ಅಂತ ಆಪ್ಶನ್ ಇರತದ. ಜೊತಿಗೆ ಏಜೆಂಟ್ ಸ್ಟೇಟಸ್ ರಿಪೋರ್ಟ್ ತಗೀರಿ, ಯಾರು ಎಷ್ಟೊತ್ತು ನಾಟ್ ರೆಡಿ ಇದ್ರು ಅಂತ.

ಹೆಡ್‌ಸೆಟ್_ಅಕ್ಕ

ಶುರು ಆತು ನೋಡ್ರಿ. ಎಲ್ಲಾ ರಿಪೋರ್ಟ್ ಕಡಿಗೆ ಬಂದು ನಿಲ್ಲೂದು ನಮ್ಮ ನಾಟ್ ರೆಡಿ ಮ್ಯಾಲೆ. ನಾನೂ ಐದು ವರ್ಷದಿಂದ ಹೆಡ್‌ಸೆಟ್ ಹಾಕ್ಕೊಂಡು ಕೂತೀನಿ, ಬ್ಯಾರೆ ಕಂಪನಿ. ಬಾತ್‌ರೂಮಿಗೆ ಹೋಗಿ ಬಂದ್ರೂ ಅದ ಕೆಂಪು ಬಣ್ಣ, ಹಿಂದಿನ ರೈತಾ ಬೈದದ್ದನ್ನ ನುಂಗಿ ನೀರು ಕುಡುದ್ರೂ ಅದ ಕೆಂಪು ಬಣ್ಣ. ಮಂದಿ ಕಡಿಮಿ ಅದಾರ ಅಂತ ಯಾರೂ ಅನ್ನಂಗಿಲ್ಲ.

ಎಕ್ಸೆಲ್_ಸಂಗಣ್ಣ

ಅಕ್ಕಾರ ಹೇಳೂದು ಖರೇನ ಐತಿ, ಮಂದೀನ ಕಡಿಮಿ. ನಾ ಈಗ ನೆಟ್‌ನಾಗ ಎರ್ಲಾಂಗ್ ಕ್ಯಾಲ್ಕುಲೇಟರ್‌ಗೆ ಹಾಕಿ ನೋಡಿದೆ. 96 ಕಾಲ್, 5 ನಿಮಿಷ, ನೂರಕ್ಕ ಹೆಚ್ಚೂಕಡಿಮಿ 80 ಕಾಲ್ 20 ಸೆಕೆಂಡಿನ್ಯಾಗ ಎತ್ತಬೇಕು ಅಂದ್ರ 11 ಮಂದಿ ಬೇಕು ಅಂತೈತಿ. ನಿಮ್ಮಲ್ಲಿ ಆರು. ಇನ್ನ ಚರ್ಚಾ ಏನೈತಿ, ಐದು ಮಂದಿ ತಗೊಳ್ಳಾಕ ಹೇಳ್ರಿ.

ಜಮಖಂಡಿ_ಕಬ್ಬು

ಮೇಡಂ ನೀವು ಪಂಪ್‌ಸೆಟ್ ಕಂಪನಿಯಾವ್ರ ಅಂದ್ರಲ್ಲ, ನಮ್ಮದು 7.5 ಎಚ್‌ಪಿ ಸಬ್‌ಮರ್ಸಿಬಲ್ ಐತ್ರಿ, ಒಂದ ತಾಸ ಓಡಿ ಟ್ರಿಪ್ ಆಗತೈತಿ, ಸ್ಟಾರ್ಟರ್ ಬಿಸಿ ಆಗತೈತಿ, ನಿಮ್ಮ ನಂಬರ್‌ಗೆ ಹಚ್ಚಿದ್ರ ನಿಮ್ಮ ಕರೆ ನಮಗೆ ಮುಖ್ಯ ಅಂತ ಹಾಡು ಹಚ್ಚತಾರ, ಯಾರೂ ಎತ್ತಂಗಿಲ್ಲ. ಮೆಕ್ಯಾನಿಕ್‌ಗೆ ಹೇಳ್ರಲ್ಲ.

ರೇಖಾ_ಬೆಳಗಾವಿ

ಅಣ್ಣಾರ ನಮ್ಮ ಕಂಪನೀನೋ ಅಲ್ಲೋ ಗೊತ್ತಿಲ್ರಿ, ನಿಮ್ಮ ಮೋಟಾರ್ ಯಾವುದು ಅಂತ ಇಲ್ಲಿ ಬರೀಬ್ಯಾಡ್ರಿ, ನನಗ ಮೆಸೇಜ್ ಹಾಕ್ರಿ ನೋಡ್ತೀನಿ. ಆದ್ರ ಒಂದ ಮಾತು ಕೇಳ್ತೀನಿ, ನೀವು ಯಾವ ಹೊತ್ತಿಗೆ ಫೋನ್ ಹಚ್ಚತೀರಿ? ಎತ್ತದಿದ್ರ ಏನ್ ಮಾಡ್ತೀರಿ?

ಜಮಖಂಡಿ_ಕಬ್ಬು

ತ್ರೀ ಫೇಸ್ ಬಂದಾಗಲ್ರಿ ಮತ್ಯಾವಾಗ. ಕರೆಂಟ್ ಇಲ್ಲದಾಗ ಮೋಟಾರ್ ಕೆಟ್ಟೈತೋ ಚಲೋ ಐತೋ ಹ್ಯಾಂಗ ಗೊತ್ತಾಗಬೇಕು. ನಮ್ಮ ಲೈನಿಗೆ ಒಂದ ವಾರ ಮುಂಜಾನೆ ಕೊಡತಾರ, ಒಂದ ವಾರ ಮಧ್ಯಾಹ್ನ. ಎತ್ತದಿದ್ರ ಒಂದೆರಡು ನಿಮಿಷ ಕಾಯೋದು, ಕಟ್ ಮಾಡಿ ಮತ್ತ ಹಚ್ಚೋದು. ನನ್ನ ಫೋನ್‌ನಾಗೊಮ್ಮೆ ಮಗನ ಫೋನ್‌ನಾಗೊಮ್ಮೆ. ಕಟ್ ಮಾಡಿ ಹಚ್ಚಿದ್ರ ಲಗೂನ ಹತ್ತತೈತಿ.

ಹಳೇ_ಡಯಲರ್

ಅಣ್ಣಾರ, ಲಗೂ ಹತ್ತಂಗಿಲ್ರಿ. ಕಟ್ ಮಾಡಿ ಹಚ್ಚಿದ್ರ ಪಾಳಿಯೊಳಗ ಹೊಳ್ಳಿ ಕಡೀ ಮನುಷ್ಯಾ ಆಗತೀರಿ, ಬ್ಯಾಂಕಿನ್ಯಾಗ ಕೂಪನ್ ಹರದು ಒಗದು ಹೊಸಾದು ತಗೊಂಡಂಗ. ಹಾಡು ಕೇಳಕೋತ ಕೂತದ್ದೇ ಚಲೋ.

ಆದ್ರ ರೇಖಾ ಮೇಡಂ, ಈ ಅಣ್ಣಾರು ನಿಮ್ಮ ರಿಪೋರ್ಟ್‌ನ ಅರ್ಧಾ ಮಾತು ಹೇಳಿಬಿಟ್ರು. ಒಬ್ಬ ರೈತಾ ಮೂರು ಸಲ ಹಚ್ಚಿದ್ರ ನಿಮ್ಮ ಲೆಕ್ಕದಾಗ ಬಂದದ್ದು ಮೂರು, ಎತ್ತಿದ್ದು ಒಂದು, ಕಟ್ ಆದದ್ದು ಎರಡು. ಮನುಷ್ಯಾ ಒಬ್ಬನ, ಅವನ ಕೆಲ್ಸಾನೂ ಆತು, ಆದ್ರ ರಿಪೋರ್ಟ್ 33 ಪರ್ಸೆಂಟ್ ಅಂತದ. ಇನ್ನೊಬ್ಬಾಂವ ಒಂದ ಸಲ ಹಚ್ಚಿ ಬ್ಯಾಸತ್ತು ಬ್ಯಾರೆ ಕಂಪನಿ ಅಂಗಡಿಗೆ ಹೋದ, ಅವನದೂ ಒಂದ ಕಟ್ ಅಷ್ಟ. ಅದಕ್ಕ ಸಂಗಣ್ಣಾರ ನಿಮ್ಮ 11 ನಾ ಒಪ್ಪಂಗಿಲ್ಲ. ಲೆಕ್ಕ ತಪ್ಪಿಲ್ಲ, ಹಾಕಿದ 96 ತಪ್ಪ ಅದ. ಆ 96 ಜನ ಅಲ್ಲ, 96 ಸಲ ಹಚ್ಚಿದ್ದು. ಕಾಲರ್ ನಂಬರ್ ಕಾಲಮ್‌ನಾಗ ಡುಪ್ಲಿಕೇಟ್ ತಗದು ಎಷ್ಟ ಬ್ಯಾರೆ ಬ್ಯಾರೆ ನಂಬರ್ ಉಳೀತಾವ ನೋಡ್ರಿ ಮೇಡಂ.

ಆಸ್ಪತ್ರಿ_ಕೌಂಟರ್

ನಡಬರಕ ಮಾತಾಡಾಕತ್ತೀನಿ ಕ್ಷಮಿಸ್ರಿ. ನಾ ವಿಜಯಪುರದಾಗ ಒಂದ ಆಸ್ಪತ್ರಿ ಅಪಾಯಿಂಟ್‌ಮೆಂಟ್ ಕೌಂಟರ್‌ನಾಗ ಅದೀನಿ. ನಮ್ಮಲ್ಲಿ ಎರಡ ಫೋನ್, ನಾವು ಇಬ್ಬರು. ನಮ್ಮ ರಿಪೋರ್ಟ್ ಯಾವಾಗಲೂ 97, 98 ಪರ್ಸೆಂಟ್ ಬರತದ, ಕಾಯೋ ಟೈಮ್ 6 ಸೆಕೆಂಡ್. ಆದ್ರ ಪೇಷಂಟ್ ಮನಿಯಾವ್ರು ಬಂದು ಮುಂಜಾನೆಯಿಂದ ಫೋನ್ ಹಚ್ಚಿ ಸಾಕಾತು ಅಂತ ಬೈತಾರ. ಡಾಕ್ಟರ್ ಸಾಹೇಬ್ರು ರಿಪೋರ್ಟ್ ತೋರ್ಸಿ ಇವರು ಸುಳ್ಳು ಹೇಳತಾರ ಅಂತಾರ. ಯಾರದು ಖರೇ?

ಹಳೇ_ಡಯಲರ್

ಇಬ್ಬರದೂ ಖರೇ. ನಿಮ್ಮಲ್ಲಿ ಕ್ಯೂ ಇಲ್ಲ. ಎರಡೂ ಲೈನ್ ತುಂಬಿದಾಗ ಮೂರನೇದಾಂವಗ ಎಂಗೇಜ್ ಟೋನ್ ಬರತದ, ಆ ಕಾಲ್ ನಿಮ್ಮ ಮಷೀನಿಗೆ ಮುಟ್ಟಂಗೇ ಇಲ್ಲ, ಮುಟ್ಟದ ಕಾಲ್ ರಿಪೋರ್ಟ್‌ದಾಗ ಹ್ಯಾಂಗ ಬರಬೇಕು? ಬಾಗಲಾ ಹಾಕಿ ಒಳಗ ಬಂದವರನ್ನಷ್ಟ ಎಣಿಸಿದ್ರ ಎಲ್ಲಾರಿಗೂ ಕುರ್ಚಿ ಸಿಕ್ಕಿರತದ. ಲೈನ್ ಕೊಟ್ಟ ಕಂಪನಿಯವ್ರ ಹತ್ರ ಬ್ಯುಸಿ ಆಗಿ ಹೊಳ್ಳಿ ಹೋದ ಕಾಲ್ ಎಷ್ಟು ಅಂತ ತಾಸಿನ ಪ್ರಕಾರ ಕೇಳ್ರಿ, ಕೊಡತಾರ. ಅದು ಬರೂತನಕ ಒಂದ ಗುರುತು ಹೇಳ್ತೀನಿ: ಯಾವ ತಾಸಿನ್ಯಾಗ ನೀವಿಬ್ಬರೂ ಫೋನ್ ಇಟ್ಟ ಮರುಕ್ಷಣಕ್ಕ ಮತ್ತ ರಿಂಗ್ ಆಗತದೋ ಆ ತಾಸಿನ್ಯಾಗ ಹೊರಗ ಮಂದಿ ನಿಂತಾರ ಅಂತ ತಿಳೀರಿ.

ರೇಖಾ ಮೇಡಂ ನಿಮ್ಮಲ್ಲಿ ಲೈನ್ ಎಷ್ಟ ಅದಾವ?

ರೇಖಾ_ಬೆಳಗಾವಿ

ಪಿಆರ್‌ಐ ಐತ್ರಿ, 30 ಚಾನೆಲ್. ಅಷ್ಟು ಒಮ್ಮೆಲೇ ತುಂಬಿದ್ದು ನೋಡಿಲ್ಲ.

15 ನಿಮಿಷದ್ದು ತಗದೆ ಸರ್. 10ರಿಂದ 10:15ರಾಗ 22 ಬಂದು 16 ಎತ್ತೀವಿ. ಮುಂದಿನ 15 ನಿಮಿಷ 23ಕ್ಕ 17. 10:30ರಿಂದ 10:45, 27 ಬಂದಾವ, ಎತ್ತಿದ್ದು ನಾಕು. ಬರೇ ನಾಕು ರೀ! ಆಮ್ಯಾಲೆ 24ಕ್ಕ 17.

ಏನು ಅಂತ ಕೇಳಬ್ಯಾಡ್ರಿ, 10:30ಕ್ಕ ಕೆಳಗ ಚಾದಾಂವ ಬರ್ತಾನ. ಐದು ಮಂದಿ ಒಮ್ಮೆಲೇ ಇಳೀತಾರ, ಒಬ್ಬಾಕಿ ಕೂತಿರ್ತಾಳ. ದಿನಾ ಕಣ್ಣ ಮುಂದ ನಡ್ಯೂದ ಇದು, ನಾನೂ ಅದ ಚಾ ಕುಡದೀನಿ. ತಾಸಿನ ಸಾಲಿನ್ಯಾಗ 56 ಪರ್ಸೆಂಟ್ ಅಂತ ಇದ್ದಾಗ ಸೋಮವಾರದ ಗದ್ದಲ ಅಂತ ಎಲ್ಲಾರೂ ಒಪ್ಪಿಕೊಂಡಿದ್ವಿ.

ಹೆಡ್‌ಸೆಟ್_ಅಕ್ಕ

ಅಂದ್ರ ಈಗ ಚಾ ಬಂದ್?

ಹಳೇ_ಡಯಲರ್

ಬಂದ್ ಯಾಕ್ರಿ ಅಕ್ಕಾರ. ಇಬ್ಬಿಬ್ಬರು ಹೋಗ್ರಿ, 11:45ರ ಮ್ಯಾಲೆ ಅಂದ್ರೂ ನಡೀತದ, ಇಲ್ಲಾ ಚಾದಾಂವಗ ಮ್ಯಾಲೆ ಬಂದು ಕೊಡು ಅನ್ರಿ. ಚಾ ಕುಡ್ಯೂದು ತಪ್ಪಲ್ಲ, ಗದ್ದಲದ ನಟ್ಟನಡುವ ಐದು ಮಂದಿ ಒಟ್ಟಿಗೆ ಏಳೋದು ಕುತ್ತು. ಹಂಗ ನೋಡಿದ್ರ 1–2ರ ಸಾಲೂ ಅದ ಕಥಿ, 44 ಕಾಲ್ ಏನು ದೊಡ್ಡ ಗದ್ದಲ ಅಲ್ಲ, ಮೂರು ಮಂದಿ ಬುತ್ತಿ ಬಿಚ್ಚಿದ್ರು ಅಂತ 17 ಕಟ್ ಆಗ್ಯಾವ. ಅಲ್ಲಿ ಇಬ್ಬಿಬ್ಬರಂಗ ಮೂರು ಪಾಳಿ ಮಾಡಿದ್ರ ಮುಗೀತು.

ಆ ನಾಕು ಕಾಲ್ ಎತ್ತಿದ ಹುಡುಗಿ ಬಗ್ಗೆ ಒಂದು ಮಾತು. ತಿಂಗಳ ಕಡೀಗೆ ಏಜೆಂಟ್ ರಿಪೋರ್ಟ್ ನೋಡಿದ್ರ ಆಕಿಗೆ ಬೈದವರು ಜಾಸ್ತಿ, ಆಕಿ ಕಾಲ್ ಉದ್ದ ಅಂತ ಬಂದಿರತದ. ಹತ್ತು ನಿಮಿಷ ಕಾದು ಬಂದ ರೈತಾ ಮೊದ್ಲ ಎರಡ ನಿಮಿಷ ಬೈಯೂದಕ್ಕ ತಗೋತಾನ.

ರೇಖಾ_ಬೆಳಗಾವಿ

ಖರೇ ಐತಿ ಸರ್, ಆಕಿಗೆ ಹೋದ ತಿಂಗಳ ಮೆಮೋ ಬಂದಿತ್ತು. ಅದನ್ನ ನೋಡ್ತೀನಿ.

ನಂಬರ್ ಲೆಕ್ಕಾನೂ ಮಾಡಿದೆ. 10–11ರ 96 ಕಾಲ್, ನಂಬರ್ 64. ಈ 64ರಾಗ 51 ಮಂದಿಗೆ ಅದ ತಾಸಿನ್ಯಾಗ ಮಾತಾಡಾಕ ಸಿಕ್ಕೈತಿ, ಮೂರು ಮಂದಿ ಎರಡೆರಡು ಸಲ ಮಾತಾಡ್ಯಾರ. ಉಳಿದ 13ರಾಗ 8 ಮಂದಿ ಆಮ್ಯಾಲೆ ಯಾವಾಗೋ ಸಿಕ್ಕಾರ. 5 ನಂಬರ್ ದಿನಾ ಪೂರ್ತಿ ಸಿಕ್ಕಿಲ್ಲ. ನಿನ್ನಿ ಆ ಐದಕ್ಕೂ ನಾನ ಹೊಳ್ಳಿ ಫೋನ್ ಹಚ್ಚಿದೆ, ಇಬ್ಬರು ಬ್ಯಾರೆ ಮೆಕ್ಯಾನಿಕ್ ಕಡೆ ಮಾಡ್ಸೇಬಿಟ್ಟಾರ.

ಎಕ್ಸೆಲ್_ಸಂಗಣ್ಣ

ಹಂಗಾರ 64ಕ್ಕ 51, 80 ಪರ್ಸೆಂಟ್ ಆತಲ್ರಿ! ಇದನ್ನ ಹಾಕಿ ಕಳಸ್ರಿ ಮ್ಯಾನೇಜರ್‌ಗೆ, ಖುಷಿ ಆಗ್ತಾರ. ಮತ್ತ ಜಮಖಂಡಿ ಅಣ್ಣಾರಂಗ ಎರಡ ಫೋನ್ ಹಚ್ಚೂವವರನ್ನ ತಗದ್ರ ಇನ್ನೂ ಜಾಸ್ತಿ ಬರತೈತಿ.

ಹಳೇ_ಡಯಲರ್

ಪಕ್ಕದಾಗ ಇನ್ನೊಂದ ಕಾಲಮ್ ಮಾಡಿ ಹಾಕ್ರಿ, 56 ಅಳಿಸಿ ಹಾಕಬ್ಯಾಡ್ರಿ. ಮೂರು ಸಲ ಹಚ್ಚಿ ಸಿಕ್ಕಾಂವ ಸಿಕ್ಕ ಅಂತ ಬರದ್ರ ಅವನ ಹೊಟ್ಟಿ ಉರಿದದ್ದು ಎಲ್ಲೂ ಕಾಣಂಗಿಲ್ಲ. ಎರಡಕ್ಕೂ ಕೆಲ್ಸ ಬ್ಯಾರೆ: ಎಷ್ಟ ಮಂದಿ ಸಿಬ್ಬಂದಿ ಬೇಕು ಅನ್ನೂದಕ್ಕ 64, ಮಂದಿ ಎಷ್ಟ ತ್ರಾಸ್ ತಗೊಂಡ್ರು ಅನ್ನೂದಕ್ಕ 96.

ಈಗ ಅದ ಕ್ಯಾಲ್ಕುಲೇಟರ್‌ಗೆ 64 ಹಾಕಿ ನೋಡ್ರಿ ಸಂಗಣ್ಣಾರ. ನಾ ಹಾಕೀನಿ. 8 ಮಂದಿ ಇದ್ರ ನೂರಕ್ಕ 80 ಕಾಲ್ 20 ಸೆಕೆಂಡಿನ್ಯಾಗ ಬರತಾವ, 11 ಬ್ಯಾಡ. ಇನ್ನೊಂದ ಮಜಾ ನೋಡ್ರಿ. 8 ಮಂದಿ ಇದ್ರ ಸರಾಸರಿ ಕಾಯೋದು ಸುಮಾರು 25 ಸೆಕೆಂಡ್. 7 ಇದ್ರ ಒಂದೂಕಾಲು ನಿಮಿಷ. 6 ಇದ್ರ ಐದು ನಿಮಿಷಕ್ಕಿಂತ ಜಾಸ್ತಿ. ಒಬ್ಬಾಂವ ಕಡಿಮಿ ಆದ್ರ ಆರನೇ ಒಂದು ಪಾಲು ತಡ ಆಗಬಹುದು ಅಂತ ಮ್ಯಾನೇಜರ್ ತಿಳದಿರತಾರ, ಹಂಗ ಆಗಂಗಿಲ್ಲ. 64 ಕಾಲ್ ಅಂದ್ರ 320 ನಿಮಿಷದ ಕೆಲ್ಸ, ಆರು ಮಂದಿಗೆ ಇರೋದು 360. ಲೆಕ್ಕಕ್ಕ ಸಾಕಾಗತದ ಅನಸ್ತದ, ಆದ್ರ ಕಾಲ್ ಐದೈದು ನಿಮಿಷಕ್ಕ ಪಾಳಿ ಹಚ್ಚಿ ಬರಂಗಿಲ್ಲ, ಕರೆಂಟ್ ಬಂದ ಕೂಡ್ಲೇ ಒಮ್ಮೆಲೇ ಹತ್ತು ಬೀಳತಾವ, ಆಮ್ಯಾಲೆ ಎರಡು ನಿಮಿಷ ಸುಮ್ಮನ. ಆ ಸುಮ್ಮನ ಹೋದ ಎರಡ ನಿಮಿಷ ಹೊಳ್ಳಿ ಸಿಗಂಗಿಲ್ಲ.

ಒಂದು ತಿಳಕೋರಿ, ಈ ಎರ್ಲಾಂಗ್ ಲೆಕ್ಕ 1917ರಾಗ ಕೋಪನ್‌ಹೇಗನ್ ಟೆಲಿಫೋನ್ ಕಂಪನಿ ಎಂಜಿನಿಯರ್ ಹಾಕಿದ್ದು, ಕ್ಯಾಲ್ಕುಲೇಟರ್‌ನಾಗ ಸಾಮಾನ್ಯ ಸಿಗೋ ಫಾರ್ಮುಲಾದಾಗ ಯಾರೂ ಕಟ್ ಮಾಡಂಗಿಲ್ಲ ಎಲ್ಲಾರೂ ಕಡೀತನಕ ಕಾಯ್ತಾರ ಅಂತ ಹಿಡದಾರ. ನಿಮ್ಮಲ್ಲಿ ಮಂದಿ ಕಟ್ ಮಾಡತಾರ, ಅದಕ್ಕ ಆರು ಮಂದಿ ಇದ್ದಾಗ ನಿಜವಾಗಿ ಐದು ನಿಮಿಷ ಕಾಣಂಗಿಲ್ಲ, ಕಡಿಮಿ ಕಾಣತದ.

ರೇಖಾ_ಬೆಳಗಾವಿ

ಹೌದ್ರಿ, ಅದ ಕೇಳಬೇಕಂತಿದ್ದೆ. 10–11ಕ್ಕ ಕಾಯೋ ಟೈಮ್ ನಮ್ಮ ರಿಪೋರ್ಟ್‌ದಾಗ 1 ನಿಮಿಷ 50 ಸೆಕೆಂಡ್ ಅಂತೈತಿ. ಅಷ್ಟಕ್ಕ 42 ಮಂದಿ ಯಾಕ ಕಟ್ ಮಾಡ್ಯಾರು?

ಹಳೇ_ಡಯಲರ್

ಯಾಕಂದ್ರ ಆ 1:50 ಎತ್ತಿದ 54 ಕಾಲ್‌ದ್ದಷ್ಟ. ಕಾದು ಬಿಟ್ಟು ಹೋದವರ ಟೈಮ್ ಅದ್ರಾಗ ಇಲ್ಲ. ಕಟ್ ಮಾಡಿದವರು ಎಷ್ಟೊತ್ತು ಕಾದು ಕಟ್ ಮಾಡಿದ್ರು ಅಂತ ಬ್ಯಾರೆ ಕಾಲಮ್ ಇರತದ, ನೋಡ್ರಿ.

ರೇಖಾ_ಬೆಳಗಾವಿ

ಐತಿ. ಸರಾಸರಿ 2 ನಿಮಿಷ 30 ಸೆಕೆಂಡ್.

ಹಳೇ_ಡಯಲರ್

ನೋಡ್ರಿ, ಸಿಕ್ಕವರಿಗಿಂತ ಸಿಗದವರು ಹೆಚ್ಚ ಕಾದಾರ. ಇಬ್ಬರನ್ನೂ ಕೂಡಿಸಿದ್ರ ಎರಡು ನಿಮಿಷ ದಾಟ್ತದ. ಇನ್ನೊಂದ ಕೆಟ್ಟದ್ದು ಏನಂದ್ರ, ನಾಳೆ ಮಂದಿ ಬ್ಯಾಸತ್ತು ಒಂದ ನಿಮಿಷಕ್ಕ ಕಟ್ ಮಾಡಾಕ ಶುರು ಮಾಡಿದ್ರ ಕ್ಯೂ ಸಣ್ಣದಾಗತದ, ಉಳಿದವರಿಗೆ ಲಗೂ ಸಿಗತದ, ನಿಮ್ಮ ಕಾಯೋ ಟೈಮ್ ಇಳೀತದ, ಮ್ಯಾನೇಜರ್ ಶಾಭಾಶ್ ಅಂತಾರ. ಅದಕ್ಕ ಕಾಯೋ ಟೈಮ್ ಒಂದ ನೋಡಿ ಖುಷಿ ಪಡಬಾರದು, ಬಾಜೂಕ ಕಟ್ ಆದದ್ದು ಎಷ್ಟು ಅಂತ ಇರ್ಲೇಬೇಕು. ಟ್ರಾಯ್‌ನವ್ರು ಮೊಬೈಲ್ ಕಂಪನಿಗಳಿಗೆ ಸರಾಸರಿ ಕೇಳಂಗೇ ಇಲ್ಲ, ನೂರಕ್ಕ 95 ಕಾಲ್ 90 ಸೆಕೆಂಡಿನ್ಯಾಗ ಮನುಷ್ಯಾ ಎತ್ತಬೇಕು ಅಂತ ಕೇಳತಾರ. ನೀವೂ ಹಂಗ ಒಂದ ಕಾಲಮ್ ಇಡ್ರಿ, 90 ಸೆಕೆಂಡಿನ್ಯಾಗ ಎಷ್ಟು ಅಂತ, ಮತ್ತ ಭಾಗಿಸೂದು ಎತ್ತಿದ್ದರಿಂದ ಅಲ್ಲ, ಬಂದದ್ದರಿಂದ.

ಹೆಡ್‌ಸೆಟ್_ಅಕ್ಕ

ನಮ್ಮಲ್ಲಿ 5 ಸೆಕೆಂಡಿನೊಳಗ ಕಟ್ ಆದದ್ದನ್ನ ಲೆಕ್ಕಕ್ಕ ಹಿಡಿಯಂಗಿಲ್ಲ, ತಪ್ಪಿ ಹಚ್ಚಿದ್ದು ಅಂತಾರ. ನನಗ ಅದು ಸರಿ ಅನಸಂಗಿಲ್ಲ. ಹಳ್ಳಿ ಮಂದಿ ಮಿಸ್ಡ್ ಕಾಲ್ ಕೊಡತಾರ, ಕಂಪನಿಯಾವ್ರ ಹೊಳ್ಳಿ ಹಚ್ಚತಾರ ಅಂತ ಕಾಯ್ತಾರ. ಬೀಜದ ಅಂಗಡಿ, ಬ್ಯಾಂಕ್ ಬ್ಯಾಲೆನ್ಸ್ ಎಲ್ಲಾ ಮಿಸ್ಡ್ ಕಾಲ್‌ನಿಂದನ ನಡ್ಯೂದು ನೋಡ್ಯಾರಲ್ಲ, ಇದೂ ಹಂಗ ಅಂತ ತಿಳದಿರತಾರ.

ರೇಖಾ_ಬೆಳಗಾವಿ

ಸೋಮವಾರದ 106 ಕಟ್‌ನಾಗ 5 ಸೆಕೆಂಡಿನೊಳಗಿನವು 14 ಅದಾವ. ಅವನ್ನ ತಗದ್ರ 78 ಹೋಗಿ 80 ಆಗತೈತಿ. ಮ್ಯಾನೇಜರ್‌ಗೆ ಹೇಳಿದ್ರ ಇದ ಸರಿ, ಇನ್ನ ಮುಂದ 80 ಅನ್ನು ಅಂದ್ರು. ಏನ್ ಮಾಡ್ಲಿ?

ಎಕ್ಸೆಲ್_ಸಂಗಣ್ಣ

ತಗೀರಿ. ಮೂರ ಸೆಕೆಂಡಿನ್ಯಾಗ ಯಾವ ಏಜೆಂಟ್ ಎತ್ತಾಕ ಆಗತೈತಿ, ಆ ಕಾಲ್‌ಗೆ ಹುಡುಗರನ್ನ ಹೊಣಿ ಮಾಡೂದು ಅನ್ಯಾಯ. ನಾ ಕಂಡ ಎಲ್ಲಾ ಕಡೆ ತಗೀತಾರ.

ಹಳೇ_ಡಯಲರ್

ಇಲ್ಲಿ ಸಂಗಣ್ಣಾರ ಮಾತಿಗೂ ತೂಕ ಅದ. ಬಹಳ ಕಡೆ ತಗೀತಾರ, ಕೆಲವರು 5 ಸೆಕೆಂಡ್ ಅಂತಾರ ಕೆಲವರು 10, ಒಬ್ಬರ 80ನ್ನ ಇನ್ನೊಬ್ಬರ 80ಗೆ ಹೋಲಿಸಾಕ ಬರದಂಗ ಆಗಿರೂದು ಇದಕ್ಕ. ತಗದ್ರ ಶೀಟಿನ ಮ್ಯಾಲೆ ತಗದೀವಿ ಅಂತ ಬರೀರಿ, ಮತ್ತ ಹೋದ ತಿಂಗಳದ್ದೂ ಹಂಗ ತಗದು ಹೊಳ್ಳಿ ಲೆಕ್ಕ ಹಾಕ್ರಿ, ಇಲ್ಲದಿದ್ರ ಏನೂ ಮಾಡದ ಎರಡ ಪರ್ಸೆಂಟ್ ಸುಧಾರ್ಸಿದಂಗ ಕಾಣತದ.

ಹೆಡ್‌ಸೆಟ್_ಅಕ್ಕ

ನಾ ಒಪ್ಪಂಗಿಲ್ಲ. ಆ 14 ನಂಬರ್‌ಗೆ ಒಂದ ದಿನ ಹೊಳ್ಳಿ ಹಚ್ಚಿ ನೋಡ್ರಿ, ತಪ್ಪಿ ಹಚ್ಚಿದವರು ಎಷ್ಟು, ಮೋಟಾರ್ ಕೆಟ್ಟವರು ಎಷ್ಟು ಗೊತ್ತಾಗತೈತಿ. ಮಧ್ಯಾಹ್ನ 3ಕ್ಕ ನಿಮ್ಮ ಹುಡುಗರು ಅರ್ಧಾ ತಾಸು ಖಾಲಿನ ಇರತಾರಲ್ಲ.

ಹಳೇ_ಡಯಲರ್

ಇದು ಚಲೋ ಮಾತು ಅಕ್ಕಾರ, ನಾ ಹೇಳಬೇಕಾಗಿತ್ತು. 3–4ಕ್ಕ 34 ಕಾಲ್ ಅಂದ್ರ 170 ನಿಮಿಷದ ಕೆಲ್ಸ, ಕೈಯಾಗ 360. ಆವಾಗ ಸಿಗದವರಿಗೆ ಹೊಳ್ಳಿ ಹಚ್ಚೂದು ಹಚ್ಕೋರಿ. ಇಲ್ಲಾ ಇಬ್ಬರ ಪಾಳಿ 9ರಿಂದ 12 ಅಷ್ಟ ಇಡ್ರಿ, ಡಿಸ್ಪ್ಯಾಚ್ ಟೇಬಲ್‌ನಾಗ ಮುಂಜಾನೆ ಖಾಲಿ ಇರೂವ್ರು ಇದ್ರ ಅವರನ್ನ ಕೂಡಸ್ರಿ.

ರೇಖಾ_ಬೆಳಗಾವಿ

ಹತ್ತು ದಿನ ಆತು, ಬರೀಬೇಕಂತ ಬಂದೆ. ಚಾ ಇಬ್ಬಿಬ್ಬರಂಗ ಮಾಡೀವಿ, 10:30ರ 15 ನಿಮಿಷದಾಗ ಈಗ 12–13 ಎತ್ತಾಕತ್ತೀವಿ. ಪೂರ್ತಿ 17 ಆಗವಲ್ದು, ಇಬ್ಬರು ಕೆಳಗಿರತಾರಲ್ಲ. ಊಟದ ಪಾಳಿ ಸರಿ ಹೋತು. ಇಬ್ಬರು ಹೆಚ್ಚಿಗೆ ಮಂದಿ ಕೊಡಾಕ ಮ್ಯಾನೇಜರ್ ಒಪ್ಪಿಲ್ಲ, ಸ್ಪೇರ್ ಪಾರ್ಟ್ಸ್ ಕೌಂಟರ್‌ನಿಂದ ಒಬ್ಬ ಹುಡುಗನ್ನ 12ರ ತನಕ ಕೊಟ್ಟಾರ.

ಆದ್ರ ಹೊಸಾ ತಲಿನೋವು. ಈ ವಾರ ಮುಂಜಾನೆ ಗದ್ದಲ ಇಲ್ಲ, 2–3ಕ್ಕ 88 ಬಂದಾವ! ತಿಂಗಳ ಸರಾಸರಿ ಶೀಟ್‌ನಾಗ 2–3ಕ್ಕ ಇಷ್ಟು ಗದ್ದಲ ಕಾಣಂಗಿಲ್ಲ. ಸ್ಪೇರ್ ಪಾರ್ಟ್ಸ್ ಹುಡುಗ 12ಕ್ಕ ಹೋಗಿಬಿಡತಾನ.

ಜಮಖಂಡಿ_ಕಬ್ಬು

ಕರೆಂಟ್ ಬ್ಯಾಚ್ ಬದಲಾತಲ್ರಿ. ನಾ ಹೇಳಿದ್ದೆ, ಒಂದ ವಾರ ಮುಂಜಾನೆ ಒಂದ ವಾರ ಮಧ್ಯಾಹ್ನ ಅಂತ. ನಮಗ ಈಗ 1:30ಕ್ಕ ಬರಾಕತ್ತೈತಿ.

ಹಳೇ_ಡಯಲರ್

ಓದಿ ಹಂಗ ದಾಟಿ ಹೋದ್ವಿ ನೋಡ್ರಿ ಎಲ್ಲಾರೂ. ಮೇಡಂ, ನಿಮ್ಮ ತಿಂಗಳ ಶೀಟ್‌ನಾಗ ಎರಡ ಬ್ಯಾರೆ ವಾರ ಕಲಸಿ ಹೋಗ್ಯಾವ, ಅದಕ್ಕ ಮುಂಜಾನೆ ಗುಡ್ಡನೂ ಅರ್ಧಾ ಕಾಣತದ ಮಧ್ಯಾಹ್ನದ ಗುಡ್ಡನೂ ಅರ್ಧಾ ಕಾಣತದ, ಎರಡೂ ಖರೇ ಎತ್ತರ ಅಲ್ಲ. ಎರಡ ಶೀಟ್ ಮಾಡ್ರಿ, ಮುಂಜಾನೆ ಬ್ಯಾಚ್ ವಾರದ್ದು ಒಂದು, ಮಧ್ಯಾಹ್ನದ್ದು ಒಂದು. ನಿಮ್ಮ ಕಾಲ್ ಬರೂ ತಾಲೂಕುಗಳು ಎಲ್ಲಾ ಒಂದೇ ದಿನ ಬದಲಾಗ್ತಾವೋ ಇಲ್ಲೋ ಅದನ್ನೂ ನೋಡಬೇಕು. ಕಂಪ್ಲೇಂಟ್‌ದಾಗ ಊರ ಹೆಸರು ಬರಕೋತೀರಲ್ಲ, ಅದನ್ನ ತಾಸಿನ ಜೊತಿ ಪಿವಟ್ ಹಾಕಿದ್ರ ಗೊತ್ತಾಗತದ. ರಾತ್ರಿ ಕರೆಂಟ್ ಬಂದವರು ಮರುದಿನ 9ಕ್ಕ ಹಚ್ಚತಾರ, ಅದಕ್ಕ 9–10ರ ಗದ್ದಲ ಯಾವ ವಾರಾನೂ ಪೂರ್ತಿ ಹೋಗಂಗಿಲ್ಲ ಅನಸ್ತದ.

ಎಕ್ಸೆಲ್_ಸಂಗಣ್ಣ

ಅಷ್ಟೆಲ್ಲಾ ಯಾಕ್ರಿ, 11 ಮಂದಿ ಇಟ್ಟಿದ್ರ ಯಾವ ಬ್ಯಾಚ್ ಬಂದ್ರೂ ನಡೀತಿತ್ತು.

ರೇಖಾ_ಬೆಳಗಾವಿ

ಸಂಗಣ್ಣಾರ ಪಗಾರ ನೀವ ಕೊಡ್ರಿ ಹಂಗಾರ. ಸರ್, ಗೋಕಾಕ ಕಡೆಯವು ಮಧ್ಯಾಹ್ನಕ್ಕ ಬಂದಾವ, ಅಥಣಿ ಕಡೆಯವು ಇನ್ನೂ ಮುಂಜಾನೇನ ಬರಾಕತ್ತಾವ. ಸ್ಪೇರ್ ಪಾರ್ಟ್ಸ್ ಹುಡುಗನ್ನ ಯಾವ ಹೊತ್ತಿಗೆ ಕೇಳ್ಲಿ ಅನ್ನೂದ ತಿಳಿವಲ್ದು. ಪಿವಟ್ ಹಾಕಿ ನಾಳೆ ಇಲ್ಲೇ ಹಾಕ್ತೀನಿ.